ಮೂರನೆಯವರು ಓದುವ ಉತ್ತರ

ಪೀಣ್ಯದ ಸಣ್ಣ ಕಾರ್ಖಾನೆಗಳ ಪತ್ರವ್ಯವಹಾರ ನೋಡಿಕೊಂಡಿದ್ದ ವರ್ಷಗಳಲ್ಲಿ ನನ್ನ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ಬಾಕಿ ಹಣ ಕೇಳಿದ್ದಕ್ಕೆ ಬಂದ ಸಿಟ್ಟಿನ ಉತ್ತರಗಳು. ಕಾಗದ ಟೈಪ್ ಮಾಡಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದ ಕಾಲದಲ್ಲಿ ಬೈಗುಳ ಬಾಯಿಮಾತಿನಲ್ಲೇ ಮುಗಿದುಹೋಗುತ್ತಿತ್ತು. ಪರ್ಚೇಸ್ ವಿಭಾಗದ ಬಾಗಿಲಲ್ಲಿ ನಿಂತು ಏನೇ ಅನ್ನಿಸಿಕೊಂಡರೂ ಅದು ಗಾಳಿಗೆ ಹೋದ ಮಾತು. ಅದೇ ವಿಷಯ ಕಾಗದಕ್ಕೆ ಬರುವ ಹೊತ್ತಿಗೆ ಟೈಪಿಸ್ಟ್, ಮ್ಯಾನೇಜರು, ಸಹಿ, ಅಂಚೆ ಎಂದು ನಾಲ್ಕು ಕೈ ದಾಟಿ ತಣ್ಣಗಾಗಿರುತ್ತಿತ್ತು. ಇಮೇಲ್ ಬಂದ ಮೇಲೆ ಈ ನಡುವಿನ ಕೈಗಳೆಲ್ಲ ಮಾಯವಾದವು. ಕೋಪ ಬಂದ ಗಳಿಗೆಯಲ್ಲೇ ಬರೆದದ್ದು ಅದೇ ಗಳಿಗೆಯಲ್ಲಿ ತಲುಪಿ, ತಲುಪಿದ ಕೂಡಲೇ ದಾಖಲೆಯೂ ಆಗಿಬಿಡುತ್ತದೆ. ಅದಕ್ಕೆ ನಾವು ಕೊಡುವ ಉತ್ತರವೂ ಅಷ್ಟೇ ಶಾಶ್ವತ. ಒರಟು ಮೇಲ್ ಬಂದಾಗ ನಾವು ಕಳೆದುಕೊಳ್ಳುವುದು ಮರ್ಯಾದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಫೈಲುಗಳನ್ನೆಲ್ಲ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಬೇರೆ. ನಿಜವಾಗಿ ಕೈತಪ್ಪುವುದು ವಿಷಯ. ಹಣದ ಬಗ್ಗೆ ಶುರುವಾದ ಮಾತು ಯಾರು ಯಾರಿಗೆ ಏನಂದರು ಎಂಬಲ್ಲಿಗೆ ಜಾರುತ್ತದೆ, ಒಮ್ಮೆ ಜಾರಿದರೆ ಹಣ ಕೇಳಿದವನೇ ಸಮಜಾಯಿಷಿ ಕೊಡುತ್ತಾ ಕೂರಬೇಕಾಗುತ್ತದೆ. ಒರಟು ಮೇಲ್‌ಗೆ ಕೊಡುವ ಉತ್ತರದ ಕೆಲಸ ಜಾರಿದ ವಿಷಯವನ್ನು ಮತ್ತೆ ಅದರ ಜಾಗದಲ್ಲಿ ತಂದು ಕೂರಿಸುವುದು.

ಮಾತು ಗಾಳಿಯಲ್ಲಿ ತೇಲದಂತೆ ಒಂದು ಪ್ರಕರಣವನ್ನು ಎದುರಿಗಿಟ್ಟುಕೊಳ್ಳೋಣ. ಇದು ಯಾವೊಂದು ಕಾರ್ಖಾನೆಯದೂ ಅಲ್ಲ, ಆ ಬಗೆಯ ಹಲವು ಫೈಲುಗಳಲ್ಲಿ ಇರುವುದನ್ನು ಕೂಡಿಸಿಟ್ಟ ನಮೂನೆ. ಒಂದು ಸಣ್ಣ ವರ್ಕ್‌ಶಾಪು ದೊಡ್ಡ ಕಂಪನಿಯೊಂದಕ್ಕೆ 500 ಕಂಚಿನ ಬುಶ್ ಮಾಡಿಕೊಟ್ಟಿದೆ. ಒಂದಕ್ಕೆ 800 ರೂಪಾಯಿ, ಒಟ್ಟು 4,00,000, ಶೇಕಡ 18 ಜಿಎಸ್‌ಟಿ ಸೇರಿ 4,72,000 ರೂಪಾಯಿ. ಮಾಲು ಜೂನ್ 3ರಂದು ತಲುಪಿತು. ಜೂನ್ 5ರಂದು ಕಂಪನಿಯ ಸ್ಟೋರ್ಸಿನವರು ಜಿಆರ್‌ಎನ್ ಬರೆದರು, ಎಂದರೆ ಮಾಲು ಬಂದಿದೆ ಎಂಬ ಅವರದೇ ಚೀಟಿ. ಅದರಲ್ಲಿ ಸ್ವೀಕರಿಸಿದ್ದು 500, ತಿರಸ್ಕರಿಸಿದ್ದು ಸೊನ್ನೆ. ಪರ್ಚೇಸ್ ಆರ್ಡರಿನಂತೆ ಮಾಲು ತಲುಪಿದ 45 ದಿನಕ್ಕೆ, ಅಂದರೆ ಜುಲೈ 18ಕ್ಕೆ, ಹಣ ಬರಬೇಕು. ಬರಲಿಲ್ಲ. ಆಗಸ್ಟಿನಲ್ಲಿ ಎರಡು ಸಲ ನೆನಪಿಸಿದ ಮೇಲೆ 20ನೇ ತಾರೀಖು ಪರ್ಚೇಸ್ ಮ್ಯಾನೇಜರಿಂದ ಮೇಲ್ ಬಂತು: ನಿಮ್ಮ ಕ್ವಾಲಿಟಿ ಥರ್ಡ್ ಕ್ಲಾಸ್, 60 ಬುಶ್‌ನಲ್ಲಿ ಶಾಫ್ಟೇ ಹೋಗುತ್ತಿಲ್ಲ, ನಮ್ಮ ಲೈನ್ ನಿಂತಿದೆ, ಇಂಥ ಮಾಲು ಕೊಟ್ಟು ದುಡ್ಡು ಕೇಳೋಕೆ ನಾಚಿಕೆಯಾಗಬೇಕು, ಇನ್ನೊಂದು ಸಲ ಪೇಮೆಂಟ್ ಅಂತ ಮೇಲ್ ಮಾಡಿದರೆ ಬ್ಲ್ಯಾಕ್‌ಲಿಸ್ಟ್ ಮಾಡಿಸುತ್ತೇನೆ. ಪ್ರತಿಗಳು ಅವರ ಕ್ವಾಲಿಟಿ ವಿಭಾಗಕ್ಕೂ ಅಕೌಂಟ್ಸ್‌ಗೂ ಹೋಗಿವೆ.

ಈ ಮೇಲ್‌ನ್ನು ಓದುವಾಗ ಕಣ್ಣು ನಿಲ್ಲುವುದು ನಾಚಿಕೆ ಎಂಬಲ್ಲಿ, ಬ್ಲ್ಯಾಕ್‌ಲಿಸ್ಟ್ ಎಂಬಲ್ಲಿ. ಆದರೆ ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿನ ಕೆಳಗೆ ಗೆರೆ ಎಳೆದು ನೋಡಿದರೆ ಪರೀಕ್ಷೆ ಮಾಡಬಹುದಾದ ಮಾತು ಅದರಲ್ಲಿ ಒಂದೇ ಒಂದು ಇದೆ: 60 ಬುಶ್‌ನಲ್ಲಿ ಶಾಫ್ಟ್ ಹೋಗುತ್ತಿಲ್ಲ ಎಂಬುದು. ಉಳಿದದ್ದನ್ನು ಹೌದು ಎನ್ನಲಿಕ್ಕೂ ಆಗದು, ಅಲ್ಲ ಎನ್ನಲಿಕ್ಕೂ ಆಗದು. ಥರ್ಡ್ ಕ್ಲಾಸ್ ಅಲ್ಲ ಎಂದು ಸಾಬೀತು ಮಾಡುವ ಗೇಜು ಯಾವ ಟೂಲ್‌ರೂಮಿನಲ್ಲೂ ಇಲ್ಲ. ಮೇಲ್‌ನಲ್ಲಿ ಹೇಳದೇ ಬಿಟ್ಟದ್ದನ್ನೂ ಗಮನಿಸಬೇಕು. ಉಳಿದ 440 ಬುಶ್ ಬಗ್ಗೆ ಅದರಲ್ಲಿ ಚಕಾರವಿಲ್ಲ. ಎರಡೂವರೆ ತಿಂಗಳು ಯಾಕೆ ದೂರು ಬರಲಿಲ್ಲ ಎಂಬುದಕ್ಕೂ ಉತ್ತರವಿಲ್ಲ. ಸಿಟ್ಟಿನಲ್ಲಿ ಬರೆದವರು ತಮ್ಮ ಬಲವಾದ ಮಾತನ್ನೂ ದುರ್ಬಲ ಮಾತನ್ನೂ ಒಂದೇ ದನಿಯಲ್ಲಿ ಕೂಗಿರುತ್ತಾರೆ. ಅವೆರಡನ್ನು ಬೇರೆ ಮಾಡುವುದು ಉತ್ತರ ಬರೆಯುವವರ ಮೊದಲ ಕೆಲಸ.

ಇಂಥ ಮೇಲ್‌ಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಹೋಗುತ್ತದೆ. ಒಂದು, ಏಟಿಗೆ ಏಟು: ನಿಮ್ಮ ಇನ್‌ಸ್ಪೆಕ್ಟರಿಗೆ ಬೋರ್ ಗೇಜ್ ಹಿಡಿಯಲು ಬರುವುದಿಲ್ಲ, ದುಡ್ಡು ಕೊಡದೆ ಓಡಾಡುವವರು ನೀವು, ನಾಚಿಕೆ ನಿಮಗಾಗಬೇಕು. ಇದನ್ನು ಬರೆದಾಗ ಎದೆ ಹಗುರಾಗುತ್ತದೆ. ಆದರೆ ಮರುದಿನದಿಂದ ಆ ಮ್ಯಾನೇಜರಿಗೆ ಮಾತಾಡಲು ಹೊಸ ವಿಷಯ ಸಿಕ್ಕಿತು. ವೆಂಡರ್ ನಮ್ಮ ಸ್ಟಾಫಿಗೆ ಅವಮಾನ ಮಾಡಿದ್ದಾನೆ ಎಂದು ಅವರು ಮೇಲಿನವರಿಗೆ ಫಾರ್ವರ್ಡ್ ಮಾಡುತ್ತಾರೆ, ತಮ್ಮ ಮೊದಲಿನ ಮೇಲ್‌ನ್ನು ಕೆಳಗೆ ಅಳಿಸಿ. ಇನ್‌ಸ್ಪೆಕ್ಟರಿಗೆ ಗೇಜ್ ಹಿಡಿಯಲು ಬರುತ್ತದೋ ಇಲ್ಲವೋ ಎಂಬುದರ ಮೇಲೆ ಮೀಟಿಂಗ್ ನಡೆಯುತ್ತದೆ. 4,72,000 ರೂಪಾಯಿಯನ್ನು ಆ ಮೀಟಿಂಗಿನಲ್ಲಿ ಯಾರೂ ಎತ್ತುವುದಿಲ್ಲ. ಎರಡನೆಯ ಬಗೆ ನಮ್ಮಲ್ಲಿ ಇನ್ನೂ ಹೆಚ್ಚು: ಆದ ತೊಂದರೆಗೆ ಕ್ಷಮೆ ಇರಲಿ ಸರ್, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ, ದಯವಿಟ್ಟು ಪೇಮೆಂಟ್ ಬಗ್ಗೆ ಕೃಪೆ ತೋರಿ. ವಿನಯ ಎಂದುಕೊಂಡು ಬರೆದ ಈ ಎರಡು ಸಾಲು ಬುಶ್‌ನ್ನು ಅಳೆಯುವ ಮೊದಲೇ ತಪ್ಪು ನಮ್ಮದು ಎಂದು ಬರೆದುಕೊಟ್ಟ ಹಾಗೆ. ಅದೂ 60ಕ್ಕೆ ಮಾತ್ರವಲ್ಲ, ಯಾವುದಕ್ಕೆ ಎಂದು ಹೇಳಿಲ್ಲವಾದ್ದರಿಂದ 500ಕ್ಕೂ. ಆಮೇಲೆ ಕಂಪನಿ ಪೂರ್ತಿ ಬಿಲ್ಲಿಗೆ ಡೆಬಿಟ್ ನೋಟ್ ಹಾಕಿದರೆ ಅದರ ಜೊತೆ ಲಗತ್ತಾಗುವುದು ಇದೇ ಕ್ಷಮೆಯ ಮೇಲ್. ನೋಡಲಿಕ್ಕೆ ಒಂದು ಬೆಂಕಿ, ಒಂದು ನೀರು. ಆದರೆ ಎರಡೂ ಮಾಡಿದ್ದು ಒಂದೇ ಕೆಲಸ, ಬರಬೇಕಾದ ಹಣದಿಂದ ಮಾತನ್ನು ದೂರ ಒಯ್ದವು.

ಎರಡೂ ಹೀಗೆ ದಾರಿ ತಪ್ಪಲು ಕಾರಣ, ಬರೆಯುವವರು ತಮ್ಮ ಓದುಗ ಆ ಸಿಟ್ಟಿನ ಮನುಷ್ಯ ಎಂದೇ ತಿಳಿದಿರುವುದು. ನಾನು ಈ ಬರಹದಲ್ಲಿ ಹೇಳಬೇಕೆಂದಿರುವ ಒಂದೇ ಮಾತು ಇದು: ಒರಟು ಮೇಲ್‌ಗೆ ಬರೆಯುವ ಉತ್ತರದ ನಿಜವಾದ ಓದುಗ ಮೂರನೆಯವರು. ಪ್ರತಿ ಪಡೆದ ಅಕೌಂಟ್ಸ್ ಆಫೀಸರು ಒಬ್ಬರು. ಮೂರು ತಿಂಗಳ ನಂತರ ಆ ಮ್ಯಾನೇಜರು ಬೇರೆ ಕಡೆ ಹೋದಾಗ ಅದೇ ಕುರ್ಚಿಗೆ ಬಂದು ಹಳೆಯ ಮೇಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದುವ ಹೊಸಬರು ಇನ್ನೊಬ್ಬರು. ವರ್ಷದ ಕೊನೆಯಲ್ಲಿ ಬಾಕಿ ಪಟ್ಟಿ ಹಿಡಿದು ಇದೇಕೆ ಉಳಿದಿದೆ ಎಂದು ಕೇಳುವ ಆಡಿಟರು ಮತ್ತೊಬ್ಬರು. ವ್ಯಾಜ್ಯವೇ ಆದರೆ ಅದನ್ನು ಕೇಳಿ ತೀರ್ಮಾನಿಸುವವರು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಮೇಲ್‌ಗಳ ವಿನಿಮಯದಲ್ಲೇ ಒಪ್ಪಂದ ಏರ್ಪಟ್ಟಿದೆ ಎಂದು ಒಪ್ಪಿಕೊಂಡಿತು. ವಿಧಿವತ್ತಾದ ಕರಾರುಪತ್ರಕ್ಕೆ ಸಹಿ ಬಿದ್ದಿರಲಿಲ್ಲ, ಮೇಲ್‌ಗಳೇ ಸಾಕಾದವು. ಹಾಗಿರುವಾಗ ಪರ್ಚೇಸ್ ಮ್ಯಾನೇಜರಿಗೆ ಸಿಡುಕಿನಲ್ಲಿ ಬರೆದ ಸಾಲು ಆ ಸಂಜೆಗೇ ಮುಗಿದುಹೋಗುತ್ತದೆ ಎಂದು ಎಣಿಸುವುದು ತಪ್ಪು. ಮೂರನೆಯವರಿಗೆ ಜಗಳದ ಹಿನ್ನೆಲೆ ಗೊತ್ತಿರುವುದಿಲ್ಲ, ಯಾರ ಮೇಲೂ ಪ್ರೀತಿಯಿಲ್ಲ, ಅವರ ಬಳಿ ಸಮಯವೂ ಇಲ್ಲ. ಒಂದು ಕಡೆ ಕೂಗು, ಇನ್ನೊಂದು ಕಡೆ ತಾರೀಖು ಮತ್ತು ಲೆಕ್ಕ ಇದ್ದರೆ ಅವರು ಯಾವುದನ್ನು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಎರಡೂ ಕಡೆ ಕೂಗಿದ್ದರೆ ಇಬ್ಬರನ್ನೂ ಬದಿಗಿಡುತ್ತಾರೆ, ಹಾಗೆ ಬದಿಗಿಟ್ಟಾಗ ನಷ್ಟವಾಗುವುದು ಹಣ ಬರಬೇಕಾದವರಿಗೆ.

ಆದ್ದರಿಂದ ಉತ್ತರದ ಮೊದಲ ಅರ್ಧ ಕೆಲಸ ನಡೆಯುವುದು ಕಂಪ್ಯೂಟರಿನಿಂದ ದೂರ, ಶಾಪ್ ಫ್ಲೋರಿನಲ್ಲಿ. ಡೆಲಿವರಿ ಚಲನ್, ಜಿಆರ್‌ಎನ್, ನಮ್ಮ ತಪಾಸಣಾ ವರದಿ, ಡ್ರಾಯಿಂಗು, ಈ ನಾಲ್ಕನ್ನು ಮೇಜಿನ ಮೇಲೆ ಹರಡಿಕೊಳ್ಳದೆ ಒಂದು ಅಕ್ಷರವನ್ನೂ ಬರೆಯಬಾರದು. ನಮ್ಮ ನಮೂನೆಯಲ್ಲಿ ಡ್ರಾಯಿಂಗ್ ಕೇಳುವುದು 25 ಮಿಲಿಮೀಟರ್ ಒಳವ್ಯಾಸ, ಎಚ್7 ಸಡಿಲಿಕೆ. ಎಂದರೆ 25.000ದಿಂದ 25.021ರವರೆಗೆ ಇರಬಹುದು. ವರದಿಯಲ್ಲಿ ಮಾದರಿಗೆ ಅಳೆದ ಬುಶ್‌ಗಳ ಅಳತೆ 25.008, 25.010, 25.012 ಎಂದಿದೆ, ಅವೆಲ್ಲವೂ ಸರಿಯಾಗಿಯೇ ಇವೆ. ಹಾಗಾದರೆ ಶಾಫ್ಟ್ ಯಾಕೆ ಹೋಗುತ್ತಿಲ್ಲ? ಮೆಷಿನ್ ಮೇಲೆ ಕೆಲಸ ಮಾಡಿದವರಿಗೆ ತಕ್ಷಣ ಹೊಳೆಯುವ ಒಂದು ಕಾರಣವಿದೆ. ಬುಶ್‌ನ್ನು ಹೌಸಿಂಗಿನೊಳಗೆ ಪ್ರೆಸ್ ಮಾಡಿ ಕೂರಿಸಿದಾಗ ಹೊರಗಿನ ಒತ್ತಡಕ್ಕೆ ಅದರ ಒಳವ್ಯಾಸ ಕೂದಲೆಳೆಯಷ್ಟು ಕುಗ್ಗುತ್ತದೆ. 25.010 ಇದ್ದದ್ದು 15 ಮೈಕ್ರಾನ್ ಕುಗ್ಗಿದರೆ 24.995, ಶಾಫ್ಟ್ ಅಲ್ಲೇ ನಿಲ್ಲುತ್ತದೆ. ಹೌಸಿಂಗಿನ ರಂಧ್ರ ಸ್ವಲ್ಪ ಬಿಗಿಯಾಗಿದ್ದ ಕಡೆ ಇದು ಹೆಚ್ಚು, ಸಡಿಲವಾಗಿದ್ದ ಕಡೆ ಕಡಿಮೆ. 500ರಲ್ಲಿ 60 ಮಾತ್ರ ಯಾಕೆ ಎಂಬುದಕ್ಕೂ ಇದು ಉತ್ತರವಾದೀತು. ಆದರೆ ಇದು ಊಹೆ. ಊಹೆಯನ್ನು ಆರೋಪವಾಗಿ ಬರೆದರೆ ಮತ್ತೆ ಜಗಳ, ಪ್ರಶ್ನೆಯಾಗಿ ಬರೆದರೆ ಅದು ಎದುರಿನವರ ಕ್ವಾಲಿಟಿ ವಿಭಾಗದವರ ಕೈಗೆ ಹೋಗಿ ಅಲ್ಲಿ ಒಬ್ಬ ತಿಳಿದವರು ಗೇಜು ತೆಗೆದು ನೋಡುವಂತೆ ಮಾಡುತ್ತದೆ.

ಈಗ ಉತ್ತರ. ಪೀಣ್ಯದಲ್ಲಿ ಇಂಥ ಮೇಲ್‌ಗಳು ಇಂಗ್ಲಿಷಿನಲ್ಲಿ ಹೋಗುವುದೇ ರೂಢಿ, ಕನ್ನಡದಲ್ಲಿ ಅದರ ಒಡಲು ಹೀಗಿರುತ್ತದೆ:

“ನಮಸ್ಕಾರ ಸರ್. ಆಗಸ್ಟ್ 20ರ ನಿಮ್ಮ ಮೇಲ್ ತಲುಪಿದೆ. 60 ಬುಶ್‌ಗಳಲ್ಲಿ ಶಾಫ್ಟ್ ಹೋಗುತ್ತಿಲ್ಲ, ಲೈನ್ ನಿಂತಿದೆ ಎಂದು ತಿಳಿಸಿದ್ದೀರಿ. ಇದನ್ನು ತಡಮಾಡದೆ ಪರೀಕ್ಷಿಸೋಣ. 500 ಬುಶ್ ಜೂನ್ 3ರಂದು ತಲುಪಿವೆ. ಜೂನ್ 5ರ ನಿಮ್ಮ ಜಿಆರ್‌ಎನ್‌ನಲ್ಲಿ 500ನ್ನೂ ಸ್ವೀಕರಿಸಿರುವುದಾಗಿ ನಮೂದಾಗಿದೆ. ಅದರ ಪ್ರತಿ ಮತ್ತು ನಮ್ಮ ತಪಾಸಣಾ ವರದಿ ಲಗತ್ತಿಸಿದೆ. ಈ 60 ಬುಶ್‌ಗಳನ್ನು ಅಳೆದದ್ದು ಹೌಸಿಂಗಿಗೆ ಪ್ರೆಸ್ ಮಾಡುವ ಮೊದಲೋ ಆಮೇಲೋ ತಿಳಿಸಿದರೆ ಕಾರಣ ಹುಡುಕಲು ಸುಲಭವಾಗುತ್ತದೆ. ಆಗಸ್ಟ್ 24ರಂದು ಬೆಳಗ್ಗೆ 11 ಗಂಟೆಗೆ ನಮ್ಮ ಇನ್‌ಸ್ಪೆಕ್ಟರು ಗೇಜುಗಳೊಂದಿಗೆ ನಿಮ್ಮಲ್ಲಿಗೆ ಬಂದು ನಿಮ್ಮವರ ಜೊತೆ ಅಳೆಯುತ್ತಾರೆ. ಡ್ರಾಯಿಂಗಿಗೆ ಹೊಂದದ ಬುಶ್ ಇದ್ದರೆ ನಮ್ಮ ಖರ್ಚಿನಲ್ಲಿ ಬದಲಿಸಿ ಕೊಡುತ್ತೇವೆ. 60 ಬುಶ್‌ಗಳ ಬೆಲೆ ಜಿಎಸ್‌ಟಿ ಸೇರಿ 56,640 ರೂಪಾಯಿ. ಅದು ಈ ತಪಾಸಣೆಯ ಫಲಿತಾಂಶದಂತೆ ಇತ್ಯರ್ಥವಾಗಲಿ. ಉಳಿದ 440 ಬುಶ್‌ಗಳ ಬಗ್ಗೆ ದೂರು ಬಂದಿಲ್ಲ. ಅವುಗಳ 4,15,360 ರೂಪಾಯಿ ಜುಲೈ 18ಕ್ಕೆ ಸಲ್ಲಬೇಕಿತ್ತು. ಅದನ್ನು ಆಗಸ್ಟ್ 30ರೊಳಗೆ ಪಾವತಿಸಬೇಕಾಗಿ ಕೋರುತ್ತೇವೆ.”

ಇದರಲ್ಲಿ ಕ್ಷಮೆ ಇಲ್ಲ, ಪ್ರತ್ಯಾರೋಪವೂ ಇಲ್ಲ. ನಾಚಿಕೆ ಎಂಬ ಮಾತಿಗೆ, ಬ್ಲ್ಯಾಕ್‌ಲಿಸ್ಟಿಗೆ ಉತ್ತರವೇ ಇಲ್ಲ. ನಿಮ್ಮ ಭಾಷೆ ಸರಿಯಿಲ್ಲ ಎಂದು ಒಂದು ಸಾಲಾದರೂ ಇರಬಾರದೇ ಎಂದು ಹಲವರು ಕೇಳುತ್ತಾರೆ. ಬೇಡ ಎಂಬುದು ನನ್ನ ಅಭಿಪ್ರಾಯ. ಆ ಒಂದು ಸಾಲು ಇದ್ದರೆ ಬರುವ ಮರುಉತ್ತರ ಅದಕ್ಕೇ ಬರುತ್ತದೆ, ಉಳಿದ ಸಾಲುಗಳು ಉತ್ತರವಿಲ್ಲದೆ ಉಳಿಯುತ್ತವೆ. ಎದುರಿನವರಿಗೆ ಆಯ್ಕೆ ಕೊಟ್ಟರೆ ಅವರು ಸುಲಭವಾದದ್ದನ್ನೇ ಎತ್ತಿಕೊಳ್ಳುತ್ತಾರೆ. ಈ ಉತ್ತರದ ಜೀವ ಇರುವುದು ಹಣವನ್ನು ಎರಡು ಭಾಗ ಮಾಡಿದ್ದರಲ್ಲಿ. ಸಿಟ್ಟಿನ ಮೇಲ್ 60 ಬುಶ್‌ನ ತಕರಾರನ್ನು ಇಡೀ ಬಿಲ್ಲಿನ ಮೇಲೆ ಹೊದಿಸಿತ್ತು. ಲೆಕ್ಕ ಅದನ್ನು ಎತ್ತಿ ಅದರ ಅಳತೆಗೆ ತಕ್ಕ ಜಾಗದಲ್ಲಿ, 56,640 ರೂಪಾಯಿಯ ಮೇಲೆ ಇಟ್ಟಿತು. ಇನ್ನು 4,15,360ಕ್ಕೆ ತಡೆ ಹಾಕಬೇಕೆಂದರೆ ಅವರು ಹೊಸ ಕಾರಣ ಹೇಳಬೇಕು, ಅದನ್ನು ಅಕೌಂಟ್ಸಿನವರ ಎದುರಿಗೇ ಹೇಳಬೇಕು. ಪ್ರತಿ ಪಡೆದ ಎಲ್ಲರಿಗೂ ಉತ್ತರ ಹೋಗಬೇಕು ಎನ್ನುವುದು ಇದೇ ಕಾರಣಕ್ಕೆ. ಅವರು ಸೇರಿಸಿದವರನ್ನು ನಾವು ಬಿಡಬಾರದು, ಅವರು ಸೇರಿಸದ ಡೈರೆಕ್ಟರನ್ನು ಮೊದಲ ಉತ್ತರದಲ್ಲೇ ನಾವು ಎಳೆದು ತರಲೂಬಾರದು. ಮೇಲಿನವರ ಹೆಸರನ್ನು ಪ್ರತಿಯ ಸಾಲಿಗೆ ಸೇರಿಸುವುದು ಎಷ್ಟೇ ಮೆತ್ತಗಿನ ಮೇಲ್‌ನ್ನೂ ದೂರುಪತ್ರ ಮಾಡಿಬಿಡುತ್ತದೆ. ಲೈನ್ ನಿಂತಿದೆ ಎಂಬ ಅವರ ಕಷ್ಟವನ್ನು ಮೊದಲ ಸಾಲುಗಳಲ್ಲೇ ಎತ್ತಿಕೊಂಡದ್ದನ್ನೂ ನೋಡಿ. ಅದು ಉಪಚಾರಕ್ಕಲ್ಲ. ಆ ಮ್ಯಾನೇಜರು ಕೂಗಿದ್ದು ಬಹುಶಃ ಅವರ ಮೇಲೆ ಇನ್ನೊಬ್ಬರು ಕೂಗಿದ್ದರಿಂದ, ಲೈನ್ ನಡೆದರೆ ಅವರ ದನಿಯೂ ಇಳಿಯುತ್ತದೆ.

ಕಾನೂನು ತಿಳಿದ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಸಣ್ಣ ಕಾರ್ಖಾನೆಯ ಕಡೆ ಇಷ್ಟು ಗಟ್ಟಿಯಾಗಿ ನಿಂತಿರುವಾಗ ಅದನ್ನು ಮೊದಲ ಮೇಲ್‌ನಲ್ಲೇ ಯಾಕೆ ಎತ್ತಬಾರದು? ಕಾಯ್ದೆ ಗಟ್ಟಿಯಾಗಿಯೇ ಇದೆ. ಮಾಲು ತಲುಪಿದ 15 ದಿನದೊಳಗೆ ಕೊಂಡವರು ಲಿಖಿತವಾಗಿ ಆಕ್ಷೇಪಿಸದಿದ್ದರೆ ಮಾಲು ತಲುಪಿದ ದಿನವೇ ಅದನ್ನು ಒಪ್ಪಿಕೊಂಡಂತೆ ಎಂದು ಅದು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಆ ಗಡುವು ಜೂನ್ 18ಕ್ಕೇ ಮುಗಿದಿದೆ. ಹಾಗೆ ಒಪ್ಪಿಕೊಂಡ ದಿನದಿಂದ ಪಾವತಿಗೆ ಎಷ್ಟೇ ದಿನದ ಒಪ್ಪಂದವಿದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಕಾರ್ಖಾನೆಯ ನೋಂದಣಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಕ್ಷೇಮ ಎಂಬುದನ್ನು ಮರೆಯಬಾರದು. ಆದರೂ ಮೊದಲ ಮೇಲ್‌ನಲ್ಲಿ ಕಾಯ್ದೆಯ ಹೆಸರು ಬಂದ ಕೂಡಲೇ ಓದುವವರ ಕಿವಿಗೆ ಅದು ಬೆದರಿಕೆಯಾಗಿ ಕೇಳುತ್ತದೆ, ಫೈಲು ಅವರ ಲೀಗಲ್ ವಿಭಾಗಕ್ಕೆ ಹೋಗುತ್ತದೆ, ಒಮ್ಮೆ ಹೋದದ್ದು ಸುಲಭಕ್ಕೆ ಮರಳುವುದಿಲ್ಲ. ಅಲ್ಲದೆ ಕಾಯ್ದೆಗೆ ಬೇಕಾದ ತಾರೀಖುಗಳೆಲ್ಲ ಆ ಉತ್ತರದಲ್ಲಿ ಆಗಲೇ ಇವೆ: ತಲುಪಿದ್ದು ಜೂನ್ 3, ಜಿಆರ್‌ಎನ್ ಜೂನ್ 5, ದೂರು ಬಂದದ್ದು ಆಗಸ್ಟ್ 20. ಬಲ್ಲವರಿಗೆ ಈ ಮೂರು ತಾರೀಖೇ ಕಾಯ್ದೆಯನ್ನು ನೆನಪಿಸುತ್ತವೆ. ಮೊದಲ ಉತ್ತರದಲ್ಲಿ ಹಕ್ಕನ್ನು ಬಿಟ್ಟುಕೊಡದಿದ್ದರೆ ಸಾಕು, ಅದನ್ನು ಝಳಪಿಸಬೇಕಾಗಿಲ್ಲ.

ಆಗಸ್ಟ್ 30 ಕಳೆದೂ ಹಣ ಬರಲಿಲ್ಲ ಎನ್ನಿ. ಎರಡನೆಯ ಮೇಲ್ ಮೊದಲಿನದಕ್ಕಿಂತ ಚಿಕ್ಕದಿರಬೇಕು. ಅದು ಅದೇ ಸರಣಿಯಲ್ಲಿ, ಅದೇ ಜನರಿಗೆ ಹೋಗಬೇಕು, ಬೇಕಾದರೆ ಈಗ ಫೈನಾನ್ಸ್ ಮುಖ್ಯಸ್ಥರನ್ನೂ ಸೇರಿಸಿಕೊಳ್ಳಬಹುದು. ಕಾಯ್ದೆಯ 45 ದಿನ ಮತ್ತು ಬಡ್ಡಿಯ ವಿಷಯ ಒಂದೊಂದು ಸಾಲಿನಲ್ಲಿ, ಸುದ್ದಿ ತಿಳಿಸುವ ದನಿಯಲ್ಲಿ. ಫೈನಾನ್ಸಿನವರಿಗೆ ಇದರಲ್ಲಿ ಸ್ವಂತ ಆಸಕ್ತಿಯೂ ಇದೆ. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕೊಂಡವರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಗೆ ಖರ್ಚೆಂದು ತೋರಿಸಬಹುದು. ಪರ್ಚೇಸ್ ಮ್ಯಾನೇಜರಿಗೆ ತಾಗದ ಈ ಮಾತು ಫೈನಾನ್ಸಿನವರಿಗೆ ತಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕಾಯ್ದೆಯಡಿ ರಾಜ್ಯ ಸರ್ಕಾರ ರಚಿಸಿರುವ ಫೆಸಿಲಿಟೇಷನ್ ಕೌನ್ಸಿಲ್ ಇದೆ. ಅಲ್ಲಿ ಕೂತವರ ಮುಂದೆ ಹೋಗುವ ಕಾಗದಗಳಲ್ಲಿ ಆಗಸ್ಟ್ 20ರ ಆ ಒರಟು ಮೇಲ್ ಇರುತ್ತದೆ, ಅದರ ಮೇಲೆ ಈ ಉತ್ತರ ಇರುತ್ತದೆ. ಇವೆರಡನ್ನು ಒಂದರ ಪಕ್ಕ ಒಂದಿಟ್ಟು ಓದುವ ಆ ಮೂರನೆಯವರಿಗಾಗಿಯೇ ಮೊದಲ ಉತ್ತರ ಬರೆದದ್ದು.

ಇದೆಲ್ಲ ಸರಿ, ಸಿಟ್ಟು ಬಂದಿರುವಾಗ ಹೀಗೆ ಬರೆಯಲು ಯಾರಿಂದ ಸಾಧ್ಯ ಎಂಬ ಮಾತೂ ಇದೆ. ಮೊದಲು ಸಿಟ್ಟನ್ನು ಹೊರಹಾಕಿಬಿಡಿ, ಆಮೇಲೆ ಮನಸ್ಸು ತಿಳಿಯಾಗುತ್ತದೆ ಎಂದು ಹೇಳುವವರು ಹಲವರು. ಬ್ರಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ವಿರುದ್ಧವಾಗಿದೆ. ತಮ್ಮ ಬರಹಕ್ಕೆ ಕಟುವಾದ ಟೀಕೆ ಪಡೆದ ವಿದ್ಯಾರ್ಥಿಗಳಲ್ಲಿ ಕೆಲವರು ಟೀಕಿಸಿದವನನ್ನೇ ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದರು, ಕೆಲವರು ಸುಮ್ಮನೆ ಕೂತಿದ್ದರು. ಗುದ್ದಿದವರ ಸಿಟ್ಟು ಹೆಚ್ಚೇ ಇತ್ತು, ಅವರ ವರ್ತನೆಯೂ ಹೆಚ್ಚು ಆಕ್ರಮಣಕಾರಿಯಾಗಿತ್ತು. ಎದುರಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಖಾರವಾದ ಕರಡು ಬರೆಯುವುದು ಕೂಡ ಗುದ್ದುಚೀಲಕ್ಕೆ ಗುದ್ದುವಂಥದೇ ಎಂದು ನನ್ನ ತರ್ಕ. ಕಳಿಸದಿದ್ದರೂ ಅದರ ಪದಗಳು ನಾಲಿಗೆಯ ಮೇಲೆ ಉಳಿದು ಎರಡನೆಯ ಕರಡಿಗೆ ನುಸುಳುತ್ತವೆ. ಅದಕ್ಕಿಂತ ಎದ್ದು ಹೋಗಿ ಜಿಆರ್‌ಎನ್ ಹುಡುಕುವುದು ಮೇಲು. ಫೈಲು ಹುಡುಕುವ ಕೈಗೆ ಕೆಲಸವಿರುತ್ತದೆ, ಮನಸ್ಸು ಮನುಷ್ಯನಿಂದ ಮಾಲಿನ ಕಡೆಗೆ ತಿರುಗುತ್ತದೆ. ಹಾಗೆಂದು ವಾರಗಟ್ಟಲೆ ಬಿಡುವಂತಿಲ್ಲ. ಉತ್ತರವಿಲ್ಲದ ಆರೋಪ ಫೈಲಿನಲ್ಲಿ ಒಪ್ಪಿಗೆಯ ಹಾಗೆ ಕಾಣುತ್ತದೆ. ಒಂದು ರಾತ್ರಿ ಕಳೆಯಲಿ, ಎರಡನೆಯ ಸಂಜೆಯೊಳಗೆ ಉತ್ತರ ಹೋಗಲಿ.

ದನಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಜಸ್ಟಿನ್ ಕ್ರೂಗರ್ ಮತ್ತು ನಿಕೊಲಸ್ ಎಪ್ಲಿ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಕೆಲವು ಮಾತುಗಳನ್ನು ಗಂಭೀರವಾಗಿ, ಕೆಲವನ್ನು ಚುಚ್ಚುಮಾತಾಗಿ ಕಳಿಸಿದರು. ಓದುವವರು ಯಾವುದು ಯಾವುದೆಂದು ಶೇಕಡ 78ರಷ್ಟು ಸಲ ಸರಿಯಾಗಿ ಹಿಡಿಯುತ್ತಾರೆಂದು ಕಳಿಸಿದವರ ನಿರೀಕ್ಷೆ. ದನಿಯಲ್ಲಿ ಕೇಳಿದವರು ಶೇಕಡ 73ರಷ್ಟು ಹಿಡಿದರು. ಇಮೇಲ್‌ನಲ್ಲಿ ಓದಿದವರು ಹಿಡಿದದ್ದು ಶೇಕಡ 56, ಕಣ್ಣು ಮುಚ್ಚಿ ಹೇಳಿದರೆ ಬರುವುದಕ್ಕಿಂತ ಚೂರು ಹೆಚ್ಚು. ಇದರಿಂದ ನಾನು ತೆಗೆದುಕೊಳ್ಳುವ ಪಾಠ ಎರಡು ದಿಕ್ಕಿಗೂ ಅನ್ವಯಿಸುತ್ತದೆ. ಬಂದ ಮೇಲ್ ನಮಗೆ ಕಂಡಷ್ಟು ಒರಟಾಗಿ ಬರೆದವರ ಮನಸ್ಸಿನಲ್ಲಿ ಇರದೇ ಇರಬಹುದು. ನಾವು ಸಭ್ಯವಾಗಿಯೇ ಬರೆದೆವು ಎಂದುಕೊಂಡ ‘ಹಿಂದಿನ ಮೇಲ್‌ನಲ್ಲೇ ತಿಳಿಸಿದಂತೆ’, ‘ದಯವಿಟ್ಟು ಗಮನವಿಟ್ಟು ಓದಿ’ ಎಂಬ ಸಾಲುಗಳು ಎದುರಿನವರಿಗೆ ಕೆನ್ನೆಗೆ ಹೊಡೆದಂತೆ ಕೇಳಬಹುದು. ತಣ್ಣನೆಯ ಸಭ್ಯತೆಯೂ ಸಿಟ್ಟಿನ ಒಂದು ರೂಪ. ಅಂಥ ಸಾಲನ್ನು ಕಿತ್ತು ಅಲ್ಲಿ ತಾರೀಖೋ ಮೊತ್ತವೋ ಇಟ್ಟರೆ ಮೇಲ್ ಏನನ್ನೂ ಕಳೆದುಕೊಳ್ಳುವುದಿಲ್ಲ.

ಹಾಗಿದ್ದರೆ ಫೋನ್ ಮಾಡಿಬಿಡಬಾರದೇ ಎಂದರೆ, ಖಂಡಿತ ಮಾಡಬಹುದು. ಮುಖಾಮುಖಿ ಹೋದರೆ ಇನ್ನೂ ಒಳ್ಳೆಯದು. ಮೇಲ್‌ನಲ್ಲಿ ಹುಲಿಯಾಗಿದ್ದವರು ಎದುರಿಗೆ ಕಾಫಿ ತರಿಸುವುದು ಪೀಣ್ಯದಲ್ಲಿ ದಿನವೂ ನಡೆಯುವ ಸಂಗತಿ. ಆದರೆ ಒರಟು ಮೇಲ್ ದಾಖಲೆಯಲ್ಲಿ ಉಳಿದು, ಕಾಫಿಯ ಜೊತೆ ಆದ ಒಪ್ಪಂದ ದಾಖಲೆಗೆ ಬರದಿದ್ದರೆ ನಷ್ಟ ನಮಗೇ. ಮಾತಾಡಿ ಬಂದ ದಿನವೇ, ಇಂದು ಮಾತಾಡಿದಂತೆ 440 ಬುಶ್‌ಗಳ ಹಣ ಈ ತಾರೀಖಿಗೆ ಪಾವತಿಯಾಗುತ್ತದೆ ಎಂದು ಎರಡು ಸಾಲು ಹೋಗಬೇಕು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಸ್ವಾಭಿಮಾನದ್ದು. ಬೈದವರಿಗೆ ಮರುಮಾತಾಡದೆ ಲೆಕ್ಕ ಬರೆದು ಕೂರುವುದು ಹೇಡಿತನವಲ್ಲವೇ, ದೊಡ್ಡವರು ಸಣ್ಣವರನ್ನು ತುಳಿಯುವುದಕ್ಕೆ ಇದು ಒಪ್ಪಿಗೆ ಕೊಟ್ಟಂತಲ್ಲವೇ? ಈ ಪ್ರಶ್ನೆಯಲ್ಲಿ ನೋವಿದೆ, ಅದನ್ನು ಹಗುರಾಗಿ ತೆಗೆದುಕೊಳ್ಳಲಾರೆ. ಆದರೆ ಮೆತ್ತಗಿನ ದನಿ ಮತ್ತು ಸೋತ ದನಿ ಒಂದೇ ಅಲ್ಲ ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಒಂದು ಪತ್ರವಿದೆ. 1930ರ ಮಾರ್ಚ್ 2ರಂದು ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಬರೆದ ಪತ್ರ ಪ್ರಿಯ ಮಿತ್ರ ಎಂಬ ಸಂಬೋಧನೆಯಿಂದಲೇ ಶುರುವಾಗುತ್ತದೆ. ಅದರೊಳಗೆ ಬ್ರಿಟಿಷ್ ಆಳ್ವಿಕೆ ಶಾಪ ಎಂಬ ಮಾತೂ ಇದೆ, ಉಪ್ಪಿನ ತೆರಿಗೆ ಬಡವರ ಮೇಲೆ ಎಷ್ಟು ಬೀಳುತ್ತದೆ ಎಂಬುದೂ ಇದೆ, ವೈಸರಾಯರ ಸಂಬಳ ದಿನಕ್ಕೆ 700 ರೂಪಾಯಿ ದಾಟುತ್ತದೆ, ದೇಶದವರ ಸರಾಸರಿ ಆದಾಯ ದಿನಕ್ಕೆ ಎರಡಾಣೆಗಿಂತ ಕಡಿಮೆ ಎಂಬ ಲೆಕ್ಕವೂ ಇದೆ. ಈ ಉದಾಹರಣೆ ವೈಯಕ್ತಿಕವಾಯಿತೆಂದು ಅವರು ಅಲ್ಲೇ ಸಂಕೋಚವನ್ನೂ ತಿಳಿಸುತ್ತಾರೆ. ಕೊನೆಗೆ ತಾರೀಖು: ಮಾರ್ಚ್ 11ರೊಳಗೆ ದಾರಿಯಾಗದಿದ್ದರೆ ಉಪ್ಪಿನ ಕಾನೂನು ಮುರಿಯಲು ಹೊರಡುತ್ತೇನೆ. 12ರಂದು ಹೊರಟರು. ಬೈಗುಳ ಒಂದೂ ಇಲ್ಲದ ಆ ಪತ್ರವನ್ನು ಹೇಡಿಯ ಪತ್ರವೆಂದು ಯಾರೂ ಕರೆಯಲಿಲ್ಲ, ಯಾಕೆಂದರೆ ಅದರಲ್ಲಿ ಕೇಳಿಕೆ, ಲೆಕ್ಕ, ಗಡುವು ಮೂರೂ ಇದ್ದವು. ಸ್ವಾಭಿಮಾನ ಇರುವ ಜಾಗ ಇವು ಮೂರರಲ್ಲಿ.

ಇದಕ್ಕೊಂದು ಗಡಿ ಇದೆ. ಮಾಲಿನ ಬಗ್ಗೆ, ಕೆಲಸದ ಬಗ್ಗೆ ಎಷ್ಟೇ ಒರಟಾಗಿ ಬರೆದದ್ದಕ್ಕೂ ಮೇಲೆ ಹೇಳಿದ ಉತ್ತರ ಸಲ್ಲುತ್ತದೆ. ಜಾತಿ ಎತ್ತಿ ಆಡಿದ್ದಕ್ಕೆ, ಹೆಣ್ಣುಮಗಳೊಬ್ಬಳ ಮೇಲೆ ಅಸಭ್ಯವಾಗಿ ಬರೆದದ್ದಕ್ಕೆ, ಮೈಮೇಲೆ ಬರುತ್ತೇನೆ ಎಂದು ಬೆದರಿಸಿದ್ದಕ್ಕೆ ಅದು ಸಲ್ಲುವುದಿಲ್ಲ. ಅಲ್ಲಿ ಸುಮ್ಮನಿರುವುದು ತಪ್ಪು. ಆ ಮೇಲ್‌ನ್ನು ಹಾಗೇ ಉಳಿಸಿಕೊಂಡು, ಬಾಕಿಯ ಸರಣಿಗೆ ಬೆರೆಸದೆ, ಬೇರೆಯೇ ದೂರಾಗಿ ಕಂಪನಿಯ ಮೇಲಿನವರಿಗೆ, ಅಗತ್ಯವಿದ್ದರೆ ಪೊಲೀಸರಿಗೆ ಒಯ್ಯಬೇಕು. ಎರಡನ್ನೂ ಒಂದೇ ಮೇಲ್‌ನಲ್ಲಿ ಸೇರಿಸಿದರೆ ಹಣಕ್ಕಾಗಿ ದೂರು ಹೂಡಿದ್ದಾರೆ ಎಂಬ ಮಾತಿಗೆ ಎಡೆಯಾಗುತ್ತದೆ, ಆಗ ಎರಡೂ ಬಡವಾಗುತ್ತವೆ.

ಬೈದವರು ಸರಿಯಾಗಿರುವ ಸಾಧ್ಯತೆಯನ್ನೂ ಮರೆಯುವಂತಿಲ್ಲ. ಆಗಸ್ಟ್ 24ರಂದು ಅಳೆದಾಗ ಆ 60ರಲ್ಲಿ 48 ಬುಶ್ ಪ್ರೆಸ್ ಮಾಡಿದ್ದರಿಂದ ಕುಗ್ಗಿದವು, 12 ಮಾತ್ರ ಮೊದಲೇ 25.000ಕ್ಕಿಂತ ಕಡಿಮೆ ಇದ್ದವು ಎಂದು ಗೊತ್ತಾಯಿತು ಎನ್ನೋಣ. ಆ 12 ನಮ್ಮ ತಪ್ಪು. ಆಗ ಮೇಲ್‌ನಲ್ಲಿ ಕ್ಷಮೆಗೆ ಜಾಗವಿದೆ, ಆ 12ಕ್ಕೆ ಮಾತ್ರ: 12 ಬುಶ್ ಡ್ರಾಯಿಂಗಿಗೆ ಹೊಂದಿಲ್ಲ, ವಿಷಾದಿಸುತ್ತೇವೆ, ಬದಲಿ 12 ಈ ತಾರೀಖಿಗೆ ತಲುಪುತ್ತವೆ, ಅಲ್ಲಿಯವರೆಗೆ ಅವುಗಳ 11,328 ರೂಪಾಯಿ ತಡೆಹಿಡಿಯಿರಿ, ಉಳಿದ 4,60,672 ಪಾವತಿಸಿ. ಮೊದಲ ದಿನವೇ ಎಲ್ಲಕ್ಕೂ ಕ್ಷಮೆ ಕೇಳಿದ್ದರೆ ಈ 12ರ ಕ್ಷಮೆಗೆ ಬೆಲೆಯಿರುತ್ತಿರಲಿಲ್ಲ. ಮೊದಲ ದಿನವೇ ಜಗಳಕ್ಕೆ ನಿಂತಿದ್ದರೆ ಅದನ್ನು ಕೇಳುವ ಬಾಯಿ ನಮಗಿರುತ್ತಿರಲಿಲ್ಲ.

ಈ ಸಾಲು ಓದುತ್ತಿರುವ ಯಾರದಾದರೂ ಇನ್‌ಬಾಕ್ಸಿನಲ್ಲಿ ಈಗ ಅಂಥದೊಂದು ಮೇಲ್ ಕೂತಿದ್ದರೆ, ದಯವಿಟ್ಟು ಉತ್ತರಿಸುವ ಗುಂಡಿ ಒತ್ತುವ ಮೊದಲು ಚಲನ್ ಮತ್ತು ಜಿಆರ್‌ಎನ್ ತೆಗೆದಿಟ್ಟುಕೊಳ್ಳಿ, ಅವರು ಎತ್ತಿರುವ ತಕರಾರು ಎಷ್ಟು ರೂಪಾಯಿಯದು ಎಂದು ಒಂದು ಚೀಟಿಯಲ್ಲಿ ಬರೆಯಿರಿ, ಎತ್ತದೇ ಬಿಟ್ಟದ್ದು ಎಷ್ಟರದು ಎಂದು ಅದರ ಕೆಳಗೆ ಬರೆಯಿರಿ. ಉತ್ತರವನ್ನು ಆ ಎರಡನೆಯ ಮೊತ್ತಕ್ಕಾಗಿ ಬರೆಯಿರಿ.